ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಫ್ಯಾಕ್ಟೋರಿಯೊ 38ರಲ್ಲೇ ನಿಂತಿದೆ, ಯಾಕೆ?

ಸಂಡೂರು_ಗಣಿ

ನಮಸ್ಕಾರ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಫ್ಯಾಕ್ಟೋರಿಯೊದಲ್ಲಿ ನನ್ನ ಒಂದೇ ಸೇವ್ 340 ಗಂಟೆ ದಾಟಿದೆ. ಮೊದಲ 150 ಗಂಟೆ ನೀರು ಹರಿದ ಹಾಗೆ ಓಡುತ್ತಿತ್ತು. ಆಮೇಲೆ ಕುಲುಮೆ ಸಾಲು ಜಾಸ್ತಿ ಮಾಡಿದೆ, ರೈಲು ಹಾಕಿದೆ, ಸಾವಿರಾರು ರೋಬಾಟ್ ಬಿಟ್ಟೆ. ಈಗ ಯುಪಿಎಸ್ 38. ನನ್ನ ಮನುಷ್ಯ ಕೆಸರಿನಲ್ಲಿ ನಡೆದ ಹಾಗೆ ನಡೆಯುತ್ತಾನೆ.

ನಮ್ಮೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದೆ. 'ಗೇಮ್ ನಿಧಾನ ಅಂದ್ರೆ ಗ್ರಾಫಿಕ್ಸ್ ಕಾರ್ಡೇ ಸರ್' ಅಂದರು. ಹಳೆಯ ಜಿಟಿಎಕ್ಸ್ 1650 ತೆಗೆದು ಆರ್‌ಟಿಎಕ್ಸ್ 4060 ಹಾಕಿಸಿದೆ. ಮನೆಗೆ ಬಂದು ಅದೇ ಸೇವ್ ತೆರೆದೆ. 38. ಒಂದು ಅಂಕಿ ಕೂಡ ಅಲ್ಲಾಡಿಲ್ಲ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 14%, ಸಿಪಿಯು 19%. ಎರಡೂ ಆರಾಮಾಗಿ ಕೂತಿವೆ. ಹಾಗಿದ್ದರೆ ಒದ್ದಾಡುತ್ತಿರುವುದು ಯಾರು?

ಸಿಪಿಯು ರೈಜನ್ 5 3600, 16 ಜಿಬಿ ಡಿಡಿಆರ್4 ರ‍್ಯಾಮ್ (8+8), ಎಸ್‌ಎಸ್‌ಡಿ ಇದೆ.

ಬ್ಯಾಟರಿ_ಬಸಣ್ಣ

ಯುಪಿಎಸ್ 38% ತೋರಿಸುತ್ತಿದೆ ಅಂದರೆ ಬ್ಯಾಟರಿ ಹೋಗಿದೆ ಅಂತ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದೂ ಅಲ್ಲದೆ ಹೊಸ ಕಾರ್ಡಿನ ಲೋಡ್ ಬೇರೆ ಸೇರಿದೆ. ಎಷ್ಟು ವಿಎದು ತಗೊಂಡಿದ್ದೀರಿ? ನಮ್ಮ ಮನೆಯಲ್ಲಿ 600 ವಿಎ ಇತ್ತು, ಕರೆಂಟ್ ಹೋದರೆ ನಾಲ್ಕು ನಿಮಿಷಕ್ಕೆ ಕಿರುಚುತ್ತಿತ್ತು.

ತುಂಟಕಪ್ಪೆ

ಬಸಣ್ಣಾ 😂 ಅದು ಕರೆಂಟ್ ಹೋದಾಗಿನ ಯುಪಿಎಸ್ ಅಲ್ಲ. ಗೇಮ್ ಒಂದು ಸೆಕೆಂಡಿಗೆ ತನ್ನ ಲೋಕವನ್ನು ಎಷ್ಟು ಸಲ ಮುಂದೆ ತಳ್ಳುತ್ತದೆ ಅನ್ನೋ ಲೆಕ್ಕ.

ಬ್ಯಾಟರಿ_ಬಸಣ್ಣ

ಓಹೋ. ಇರಲಿ, ಬ್ಯಾಟರಿ ಮಾತ್ರ ನೋಡಿಸಿ.

ಮಲ್ನಾಡ್_ಮಾಣಿ

ಗುರು, ನಿನ್ನದು ಪಕ್ಕಾ ಸಿಪಿಯು ಸಮಸ್ಯೆ. ಇಂಥ ಗೇಮ್‌ಗಳಲ್ಲಿ ಲೆಕ್ಕ ಮಾಡುವುದೇ ಮುಖ್ಯ ಕೆಲಸ. 3600ರಲ್ಲಿ ಇರುವುದು ಆರೇ ಕೋರ್. 16 ಕೋರ್‌ನದು ಹಾಕು, ಮುಗೀತು. ಆರು ಜನ ಮಾಡುವ ಕೆಲಸ ಹದಿನಾರು ಜನ ಮಾಡಿದರೆ ಬೇಗ ಆಗಲ್ವಾ?

ಸಂಡೂರು_ಗಣಿ

ಆರು ಕೋರೇ 19% ಮಾತ್ರ ಕೆಲಸ ಮಾಡುತ್ತಿವೆಯಲ್ಲ ಮಾರಾಯ. ಇನ್ನೂ ಹತ್ತು ಸೇರಿಸಿದರೆ ಅವೂ ಸುಮ್ನೆ ಕೂರುತ್ತವೆ ಅಷ್ಟೇ.

ಸುಮಕ್ಕ

ಸಂಡೂರು, ಕಾರ್ಡ್ ವಾಪಸ್ ಕೊಡೋಕೆ ಆಗುತ್ತಾ ಮೊದಲು ನೋಡಿ. ಆಮೇಲೆ ಇದನ್ನು ಓದಿ. ಸ್ವಲ್ಪ ಉದ್ದ ಇದೆ. ನಾನು ಕೆಲಸದಲ್ಲಿ ದಿನಾ ಸಿ++ ಬರೆಯುವವಳು, ಈ ಗೇಮ್ ಕೂಡ ವರ್ಷಗಟ್ಟಲೆ ಆಡಿದ್ದೇನೆ.

ಆ 19% ನಿಮ್ಮನ್ನು ದಾರಿ ತಪ್ಪಿಸುತ್ತಿದೆ. 3600ರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಒಂದೇ ಥ್ರೆಡ್ ಪೂರ್ತಿ ಉಸಿರುಗಟ್ಟಿ ಓಡಿದರೂ ಒಟ್ಟು ಲೆಕ್ಕದಲ್ಲಿ ಅದು ಹನ್ನೆರಡನೆಯ ಒಂದು ಪಾಲು, ಅಂದರೆ 8% ಚಿಲ್ಲರೆ. ಇನ್ನೊಂದೆರಡು ಥ್ರೆಡ್ ಅರೆಬರೆ ಕೆಲಸ ಮಾಡಿದರೆ 19 ಆಗುತ್ತದೆ. ಒಂದೊಂದು ಕೋರ್‌ನ ಗ್ರಾಫ್ ತೆಗೆದು ನೋಡಿದರೂ 100 ಕಾಣಿಸದೇ ಇರಬಹುದು. ವಿಂಡೋಸ್ ಆ ಒಂದು ಥ್ರೆಡ್ಡನ್ನು ಕೋರ್‌ನಿಂದ ಕೋರ್‌ಗೆ ಎತ್ತಿ ಹಾಕುತ್ತಾ ಇರುತ್ತದೆ, ಹಾಗಾಗಿ ಎಲ್ಲವೂ ಸ್ವಲ್ಪ ಸ್ವಲ್ಪ ಕೆಲಸ ಮಾಡಿದ ಹಾಗೆ ಕಾಣುತ್ತದೆ.

ಈಗ ಗೇಮ್‌ನ ಒಳಗೆ ಬನ್ನಿ. ಫ್ಯಾಕ್ಟೋರಿಯೊ ಸೆಕೆಂಡಿಗೆ 60 ಟಿಕ್ ಮುಗಿಸಬೇಕು. ಒಂದು ಟಿಕ್‌ಗೆ ಸಿಗುವುದು 16.67 ಮಿಲಿಸೆಕೆಂಡ್. ಅಷ್ಟರಲ್ಲಿ ನಿಮ್ಮ ಎಲ್ಲ ಕೈಯಂತ್ರ, ಕುಲುಮೆ, ರೈಲು, ರೋಬಾಟ್, ಕೀಟಗಳ ಲೆಕ್ಕ ಮುಗಿಯಬೇಕು. ಪರದೆಯಲ್ಲಿ ಕಾಣುವವು ಮಾತ್ರ ಅಲ್ಲ, ಇಡೀ ನಕ್ಷೆಯವು. ನಿಮ್ಮದು 38 ಅಂದರೆ ಟಿಕ್‌ಗೆ 26 ಮಿಲಿಸೆಕೆಂಡ್ ಹಿಡಿಯುತ್ತಿದೆ. ಗೇಮ್‌ನ ಒಂದು ನಿಮಿಷ ನಿಮ್ಮ ಗಡಿಯಾರದಲ್ಲಿ ಒಂದು ನಿಮಿಷ 35 ಸೆಕೆಂಡ್. ಕೆಸರಿನಲ್ಲಿ ನಡೆದ ಹಾಗೆ ಅನ್ನಿಸುವುದು ಅದಕ್ಕೇ.

ಗ್ರಾಫಿಕ್ಸ್ ಕಾರ್ಡಿನ ಕಥೆ ಬೇರೆ. ಅದು ಪರದೆ ಮೇಲೆ ಇರುವುದನ್ನು ಮಾತ್ರ ಬಿಡಿಸುತ್ತದೆ. ಹತ್ತನೇ ಗಂಟೆಯಲ್ಲೂ ನಿಮ್ಮ ಮಾನಿಟರ್ ಅಷ್ಟೇ ಅಗಲ, 340ನೇ ಗಂಟೆಯಲ್ಲೂ ಅಷ್ಟೇ. ಒಂದೇ ಜೂಮ್‌ನಲ್ಲಿ ನೋಡಿದರೆ ಅದಕ್ಕೆ ಬೀಳುವ ಕೆಲಸ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಬೆಳೆದಿರುವುದು ಪರದೆಯ ಆಚೆಗಿನ ಕಾರ್ಖಾನೆ, ಅದರ ಭಾರವೆಲ್ಲ ಸಿಪಿಯು ತಲೆ ಮೇಲೆ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ನಕ್ಷೆಯ ಮೂಲೆಗೆ, ಬರೀ ಮರಳು ಇರುವ ಜಾಗಕ್ಕೆ ಹೋಗಿ ನಿಂತುಕೊಳ್ಳಿ. ಯುಪಿಎಸ್ ಆಗಲೂ 38 ಇದ್ದರೆ ಚಿತ್ರ ಬಿಡಿಸುವುದಕ್ಕೂ ನಿಮ್ಮ ಕಷ್ಟಕ್ಕೂ ಸಂಬಂಧ ಇಲ್ಲ.

ಸಂಡೂರು_ಗಣಿ

ಅಕ್ಕ, ಹೋಗಿ ನಿಂತೆ. ಸುತ್ತಲೂ ಮರಳು, ಒಂದು ಬಂಡೆ. 38.

ಕಾರ್ಡ್ ವಾಪಸ್ ತಗೊಳ್ಳಲ್ಲವಂತೆ, ಡಬ್ಬಿ ಒಡೆದಿದ್ದೇನೆ ಅಂತ.

ಒಂದು ವಿಚಿತ್ರ ನೆನಪಾಯಿತು. ಹೋದ ವಾರ ತಾಮ್ರದ ಗಣಿ ಬರಿದಾಗಿ ಅರ್ಧ ಕಾರ್ಖಾನೆ ನಿಂತುಹೋಗಿತ್ತು. ಆಗ ಯುಪಿಎಸ್ ತಾನಾಗಿಯೇ 51ಕ್ಕೆ ಏರಿತು. ಹೊಸ ಗಣಿ ಜೋಡಿಸಿದ ತಕ್ಷಣ ಮತ್ತೆ 38. ಯಂತ್ರಗಳು ಎಲ್ಲೂ ಹೋಗಿರಲಿಲ್ಲ, ಅಲ್ಲೇ ಇದ್ದವು. ಯಾಕೆ ಹಾಗೆ?

ಸುಮಕ್ಕ

ಅವು ಮಲಗಿದ್ದವು. ಕೈಯಂತ್ರಕ್ಕೆ ಎತ್ತಲು ಏನೂ ಇಲ್ಲದಿದ್ದರೆ ಗೇಮ್ ಅದನ್ನು ಪಟ್ಟಿಯಿಂದ ತೆಗೆದು ಮಲಗಿಸುತ್ತದೆ. ಪೆಟ್ಟಿಗೆಗೆ ವಸ್ತು ಬಿದ್ದಾಗ ಆ ಪೆಟ್ಟಿಗೆಯೇ ಅದನ್ನು ಎಬ್ಬಿಸುತ್ತದೆ. ಮಲಗಿದ್ದಕ್ಕೆ ಟಿಕ್‌ನಲ್ಲಿ ಖರ್ಚು ಇಲ್ಲ. ಹಾಗಾಗಿ ಎಷ್ಟು ಯಂತ್ರ ಇಟ್ಟಿದ್ದೀರಿ ಅನ್ನುವುದಕ್ಕಿಂತ ಈ ಕ್ಷಣ ಎಷ್ಟು ಎಚ್ಚರ ಇವೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಚೆನ್ನಾಗಿ ಓಡುವ ಕಾರ್ಖಾನೆಯೇ ಭಾರ.

ಪೇಟೆಕಟ್ಟೋನು

ಕಾರ್ಡಿಗೆ ಏನೂ ಕೆಲಸ ಇಲ್ಲ ಅನ್ನುವುದನ್ನು ನಾನು ಒಪ್ಪಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಟೀಸ್ ಸ್ಕೈಲೈನ್ಸ್ 2 ಬಂದಾಗ ಖಾಲಿ ಬಯಲಿನಲ್ಲೇ ನನ್ನ ಕಾರ್ಡ್ ಏದುಸಿರು ಬಿಡುತ್ತಿತ್ತು. ಆಗಿನ್ನೂ ನಾಲ್ಕು ಮನೆ ಕಟ್ಟಿರಲಿಲ್ಲ. ಪರದೆಯಲ್ಲಿ ಇರುವೆಯಷ್ಟು ಕಾಣುವ ಮನುಷ್ಯರಿಗೂ ಹಲ್ಲು ಸಮೇತ ಪೂರ್ತಿ ಮಾದರಿ ಬಿಡಿಸುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಅದೂ ಸಿಮ್ಯುಲೇಷನ್ ಗೇಮೇ ತಾನೆ?

ಸುಮಕ್ಕ

ಸರಿಯಾಗಿ ಹೇಳಿದಿರಿ. ಆದರೆ ನೀವು ಹೇಳಿದ್ದು ಆಟದ ಶುರುವಿನ ಮಾತು. ನಿಮ್ಮ ಊರು ಲಕ್ಷ ಜನ ದಾಟಿದ ಮೇಲೆ ಏನಾಯಿತು?

ಪೇಟೆಕಟ್ಟೋನು

ರೆಸಲ್ಯೂಷನ್ ಇಳಿಸಿದೆ, ನೆರಳು ತೆಗೆದೆ. ಎಫ್‌ಪಿಎಸ್ ಸುಧಾರಿಸಿತು. ಆದರೆ ಮೂರು ಪಟ್ಟು ವೇಗದ ಬಟನ್ ಒತ್ತಿದರೂ ದಿನ ಮುಂದೆ ಹೋಗುವುದೇ ಇಲ್ಲ. ಕ್ಯಾಮೆರಾ ಸಲೀಸಾಗಿ ತಿರುಗುತ್ತದೆ, ಬಸ್ಸು ಮಾತ್ರ ತೆವಳುತ್ತದೆ.

ಹ್ಞೂಂ. ಬರೆಯುತ್ತಾ ಹೋದಾಗ ನನಗೇ ಅರ್ಥವಾಯಿತು. ಎರಡು ಬೇರೆ ಬೇರೆ ಕಾಯಿಲೆ.

ಮಲ್ನಾಡ್_ಮಾಣಿ

ಸರಿ ಅಕ್ಕ, ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಕೆಲಸವನ್ನು ಎಲ್ಲ ಕೋರ್‌ಗಳಿಗೂ ಹಂಚಿಬಿಟ್ಟರೆ ಆಯಿತಲ್ಲ? ಡೆವಲಪರ್‌ಗಳ ಸೋಮಾರಿತನ ಅಲ್ವಾ ಇದು? ಅದೂ ಬೇಡ, 4060ರಲ್ಲಿ 3072 ಕೋರ್ ಇವೆ. ಲೆಕ್ಕವನ್ನೇ ಅದರ ಕೈಗೆ ಕೊಡಲಿ. ದುಡ್ಡು ಕೊಟ್ಟ ಕಾರ್ಡಾದರೂ ದುಡಿಯಲಿ.

ಸುಮಕ್ಕ

ಮಾಣಿ, ನಿಮ್ಮಲ್ಲಿ ಮದುವೆ ಊಟಕ್ಕೆ ಬಡಿಸಿದ್ದೀಯಾ? ಎಲೆ ಹಾಕಿದ ಮೇಲೆ ಉಪ್ಪು, ಕೋಸಂಬರಿ, ಪಲ್ಯ, ಆಮೇಲೆ ಅನ್ನ, ಆಮೇಲೆ ಸಾರು. ಬಡಿಸುವವರು ಹದಿನಾರು ಜನ ಇದ್ದರೂ ಅನ್ನ ಬೀಳದ ಎಲೆಗೆ ಸಾರು ಸುರಿಯೋಕೆ ಆಗಲ್ಲ. ಅನ್ನದ ಪಾತ್ರೆಯವನು ನಿಧಾನ ಆದರೆ ಸಾರಿನವನು ಹಿಂದೆ ಸೌಟು ಹಿಡಿದು ನಿಲ್ಲುತ್ತಾನೆ.

ಕಾರ್ಖಾನೆಯಲ್ಲೂ ಅದೇ. ಒಂದು ಬೆಲ್ಟಿನ ಮೇಲೆ ಒಂದು ಕಬ್ಬಿಣದ ತಗಡು ಬರುತ್ತಿದೆ ಅಂತಿಟ್ಟುಕೋ. ಎರಡು ಕಡೆಯಿಂದ ಎರಡು ಕೈಯಂತ್ರ ಅದಕ್ಕೆ ಕೈ ಚಾಚಿವೆ. ಒಂದಕ್ಕೇ ಸಿಗುವುದು. ಯಾವುದಕ್ಕೆ? ಈ ಎರಡು ಕೈಯಂತ್ರಗಳನ್ನು ಎರಡು ಕೋರ್‌ಗೆ ಕೊಟ್ಟರೆ ಇವತ್ತು ಎಡಗಡೆಯದು ಗೆಲ್ಲುತ್ತದೆ, ನಾಳೆ ಬಲಗಡೆಯದು. ಒಬ್ಬನೇ ಆಡುವಾಗ ಪರವಾಗಿಲ್ಲ ಅನ್ನಬಹುದು. ಆದರೆ ನಾಲ್ಕು ಜನ ಸೇರಿ ಆಡುವಾಗ ಈ ಗೇಮ್ ಕಾರ್ಖಾನೆಯ ಸ್ಥಿತಿಯನ್ನು ನೆಟ್‌ನಲ್ಲಿ ಕಳಿಸುವುದಿಲ್ಲ, ಅದು ತುಂಬಾ ದೊಡ್ಡದು. ಯಾರು ಯಾವ ಕೀ ಒತ್ತಿದರು ಅನ್ನುವುದನ್ನು ಮಾತ್ರ ಕಳಿಸುತ್ತದೆ. ನಾಲ್ಕೂ ಕಂಪ್ಯೂಟರ್ ಇಡೀ ಕಾರ್ಖಾನೆಯನ್ನು ತಾವೇ ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬರಬೇಕು. ಒಂದು ತಗಡು ಆಚೀಚೆ ಆದರೂ ಡಿಸಿಂಕ್ ಆಗಿ ಆಟಗಾರ ಹೊರಗೆ ಬೀಳುತ್ತಾನೆ. ಹಾಗಾಗಿ ಸರದಿ ಎಲ್ಲ ಕಡೆ ಒಂದೇ ಇರಲೇಬೇಕು.

ಪರಸ್ಪರ ತಾಗದ ಭಾಗಗಳನ್ನು ಬೇರೆ ಥ್ರೆಡ್‌ಗೆ ಹಂಚಿದ್ದಾರೆ, ಸೋಮಾರಿಗಳಲ್ಲ. ಆದರೆ ಎಲ್ಲರೂ ಒಂದೇ ರ‍್ಯಾಮ್‌ಗೆ ಕೈ ಹಾಕುವುದರಿಂದ ಹಂಚಿದಷ್ಟು ಲಾಭ ಸಿಗುವುದಿಲ್ಲ.

ಜಿಪಿಯು ವಿಷಯ. ಆ 3072 ಕೋರ್ ಒಂದೊಂದೂ ಸ್ವಂತ ಬುದ್ಧಿಯದಲ್ಲ. 32ರ ಗುಂಪು ಒಂದೇ ಹೆಜ್ಜೆ ಹಾಕುತ್ತದೆ, ಎನ್‌ಸಿಸಿ ಪರೇಡ್ ಥರ. ಇಪ್ಪತ್ತು ಲಕ್ಷ ಪಿಕ್ಸೆಲ್‌ಗೆ ಒಂದೇ ರೀತಿ ಬಣ್ಣ ಹಾಕೋಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ 32 ಕೈಯಂತ್ರಗಳಲ್ಲಿ ಒಂದು ತಿರುಗುತ್ತಿದೆ, ಒಂದು ಕಾಯುತ್ತಿದೆ, ಒಂದಕ್ಕೆ ಕರೆಂಟ್ ಕಮ್ಮಿ. ಒಂದು ದಾರಿ ಹಿಡಿದವು ನಡೆಯುವಾಗ ಉಳಿದವು ನಿಂತು ನೋಡಬೇಕು. ಮೇಲಿಂದ ಒಂದರ ಉತ್ತರ ಇನ್ನೊಂದಕ್ಕೆ ಬೇಕು.

ತುಂಟಕಪ್ಪೆ

ಮದುವೆ ಮನೆ ಉದಾಹರಣೆ ಕೇಳಿ ಹಸಿವಾಯಿತು. ಹೋಳಿಗೆ ಯಾವ ಟಿಕ್‌ನಲ್ಲಿ ಬರುತ್ತದೆ ಅಕ್ಕ?

ನಕ್ಷತ್ರಪ್ರಿಯೆ

ನನ್ನದು ಸ್ಟೆಲ್ಲಾರಿಸ್. ಪ್ರಶ್ನೆ ಅದೇ, ಅದಕ್ಕೆ ಇಲ್ಲೇ ಹಾಕುತ್ತೇನೆ.

ಆಟ 2200ನೇ ಇಸವಿಯಲ್ಲಿ ಶುರು. ಮೊದಲ ಐವತ್ತು ವರ್ಷ, ವೇಗ ಪೂರ್ತಿ ಏರಿಸಿದರೆ ತಿಂಗಳುಗಳು ಪಟಪಟ ಉರುಳುತ್ತವೆ. 2400 ಬರುವಷ್ಟರಲ್ಲಿ ಒಂದು ತಿಂಗಳು ಕಳೆಯೋಕೆ ಅಡಿಗೆಮನೆಗೆ ಹೋಗಿ ನೀರು ಕುಡಿದು ಬರಬಹುದು. ಅದೂ ಗೆದ್ದ ಆಟದಲ್ಲಿ! ಸೋತು ಬಿಡೋದಲ್ಲ, ಬೇಜಾರಾಗಿ ಬಿಡುತ್ತೇನೆ. ಅಲ್ಲಿ ಕೈಯಂತ್ರ ಬೆಲ್ಟು ಏನೂ ಇಲ್ಲ. ನಕ್ಷತ್ರಗಳ ಸಂಖ್ಯೆಯೂ ಶುರುವಿನಿಂದ ಅಷ್ಟೇ. ಹಾಗಿದ್ದರೆ ಬೆಳೆದದ್ದು ಏನು?

ಸುಮಕ್ಕ

ಜನ. ಅಲ್ಲಿ 'ಪಾಪ್' ಅಂತಾರಲ್ಲ, ಅವರು. ಒಬ್ಬೊಬ್ಬರೂ ಯಾವ ಕೆಲಸಕ್ಕೆ ಸರಿ, ಸಂತೋಷವಾಗಿದ್ದಾರಾ, ಬೇರೆ ಗ್ರಹಕ್ಕೆ ಹೋಗಬೇಕಾ ಅಂತ ಗೇಮ್ ತೂಗಿ ನೋಡಬೇಕು. ನಿಮ್ಮ ರಾಜ್ಯದವರನ್ನು ಮಾತ್ರ ಅಲ್ಲ, ನೀವು ನೋಡೇ ಇಲ್ಲದ ಇನ್ನೆಲ್ಲ ರಾಜ್ಯದವರನ್ನೂ. ಜನ ಎರಡು ಪಟ್ಟು, ಕೆಲಸದ ಬಗೆ ಎರಡು ಪಟ್ಟು ಆದರೆ ಹೋಲಿಕೆ ನಾಲ್ಕು ಪಟ್ಟು. 2025ರ ಮೇನಲ್ಲಿ ಬಂದ 4.0ರಲ್ಲಿ ಒಬ್ಬೊಬ್ಬರನ್ನು ಬಿಟ್ಟು ಒಂದೇ ಥರದವರನ್ನು ಗುಂಪಾಗಿ ಲೆಕ್ಕ ಹಾಕುವ ಹಾಗೆ ಬದಲಾಯಿಸಿದರು. ನಿಮ್ಮದು ಯಾವ ಆವೃತ್ತಿ?

ನಕ್ಷತ್ರಪ್ರಿಯೆ

ಹಳೆಯದೇ. ಮಾಡ್‌ಗಳು ಒಡೆದುಹೋಗುತ್ತವೆ ಅಂತ ಅಪ್‌ಡೇಟ್ ಮಾಡಿಲ್ಲ. ಮಾಡಿ ನೋಡುತ್ತೇನೆ.

ಸಂಡೂರು_ಗಣಿ

ಮತ್ತೆ ನನ್ನ ಗಣಿಗೆ ಬನ್ನಿ 🙂 ಈಗ 26 ಮಿಲಿಸೆಕೆಂಡ್ ಎಲ್ಲಿ ಹೋಗುತ್ತಿದೆ ಅಂತ ಹುಡುಕೋದು ಹೇಗೆ?

ಸುಮಕ್ಕ

ಎರಡು ದಾರಿ. ಆಟದ ಒಳಗೆ F4 ಒತ್ತಿ, ಪಟ್ಟಿಯಲ್ಲಿ `show-time-usage` ಆನ್ ಮಾಡಿ. ಎಡಗಡೆ ಸಾಲುಗಳು ಬರುತ್ತವೆ. ಪ್ರತಿ ಸಾಲಿನಲ್ಲಿ ಸರಾಸರಿ, ಕನಿಷ್ಠ, ಗರಿಷ್ಠ ಅಂತ ಮೂರು ಅಂಕಿ, ಮಿಲಿಸೆಕೆಂಡ್‌ನಲ್ಲಿ. ಸರಾಸರಿ ನೋಡಿದರೆ ಸಾಕು.

ಇನ್ನೊಂದು, ಆಟವನ್ನು ಪರದೆಯೇ ಇಲ್ಲದೆ ಓಡಿಸುವುದು. ಸೇವ್‌ನ ಒಂದು ಪ್ರತಿ ಇಟ್ಟುಕೊಂಡು ಕಮಾಂಡ್ ವಿಂಡೋದಲ್ಲಿ:

```
factorio.exe --benchmark "D:\saves\gani.zip" --benchmark-ticks 1000 --disable-audio
```

ಸಾವಿರ ಟಿಕ್ ಲೆಕ್ಕ ಹಾಕಿ ಎಷ್ಟು ಹೊತ್ತಾಯಿತು ಅಂತ ಬರೆಯುತ್ತದೆ. ಇದರಲ್ಲಿ ಒಂದೇ ಒಂದು ಚಿತ್ರವೂ ಮೂಡುವುದಿಲ್ಲ. ಇನ್ಮೇಲೆ ಏನೇ ಬದಲಾಯಿಸಿದರೂ ಇದೇ ಸೇವ್, ಇದೇ ಕಮಾಂಡ್. ಇಲ್ಲದಿದ್ದರೆ ಕೀಟ ದಾಳಿ ಮಾಡಿದ ಹೊತ್ತು ಒಂದು, ಮಾಡದ ಹೊತ್ತು ಒಂದು ಅಂಕಿ ಬಂದು ತಲೆ ಕೆಡುತ್ತದೆ.

ಸಂಡೂರು_ಗಣಿ

```
Performed 1000 updates in 25812.406 ms
avg: 25.812 ms
```

ಅಂದರೆ 38.7. ಪರದೆ ಇದ್ದಾಗ ಬಂದಷ್ಟೇ! ನಾನು ಕಾರ್ಡ್ ಕಿತ್ತು ಕಿಟಕಿಯಲ್ಲಿ ಇಟ್ಟಿದ್ದರೂ ಇಷ್ಟೇ ಬರುತ್ತಿತ್ತು ಅನ್ನಿ.

ಆಟದ ಒಳಗಿನ ಸಾಲುಗಳಲ್ಲಿ ದೊಡ್ಡವು ಎರಡು. `Entity update` 17.2. `Script update` 3.3. ಉಳಿದದ್ದೆಲ್ಲ ಚಿಲ್ಲರೆ. ಬೆಲ್ಟು ಇಷ್ಟೊಂದು ಇದ್ದರೂ ಅದರ ಸಾಲು ಒಂದೂವರೆ ಅಷ್ಟೇ. ನಾನು ಬೆಲ್ಟೇ ಭಾರ ಅಂದುಕೊಂಡಿದ್ದೆ.

ಸುಮಕ್ಕ

ಬೆಲ್ಟನ್ನು ಅವರು 2017ರಲ್ಲೇ ಜಾಣತನದಿಂದ ಸರಿಮಾಡಿದರು. ಮೊದಲು ಬೆಲ್ಟಿನ ಮೇಲಿನ ಪ್ರತಿ ವಸ್ತುವನ್ನೂ ಪ್ರತಿ ಟಿಕ್ ಸ್ವಲ್ಪ ಮುಂದೆ ಸರಿಸುತ್ತಿದ್ದರು. ಆಮೇಲೆ ವಸ್ತು ಎಲ್ಲಿದೆ ಅಂತ ಬರೆಯುವುದು ಬಿಟ್ಟು, ಅದರ ಮುಂದಿನದಕ್ಕೂ ಅದಕ್ಕೂ ಎಷ್ಟು ಅಂತರ ಅಂತ ಮಾತ್ರ ಬರೆದಿಟ್ಟರು. ಪಂಢರಪುರಕ್ಕೆ ಹೋಗುವ ದಿಂಡಿಯಲ್ಲಿ ಎಲ್ಲರೂ ಒಂದೇ ನಡಿಗೆಯಲ್ಲಿ ನಡೆದರೆ ನಡುವಿನ ಅಂತರ ಬದಲಾಗಲ್ಲ ಅಲ್ವಾ? ಮುಂದಿನವನ ಜಾಗ ಒಂದು ತಿದ್ದಿದರೆ ಇಡೀ ಸಾಲೇ ಸರಿದ ಹಾಗೆ. ನೂರಾರು ಅಂಕಿ ತಿದ್ದುವ ಕಡೆ ಒಂದು.

ನನಗೆ ಈ ಗೇಮ್‌ನಲ್ಲಿ ಅತಿ ಇಷ್ಟವಾದ ಸಂಗತಿ ಇದು. ಹೊಸ ಸಿಪಿಯು ಹತ್ತು ವರ್ಷದಲ್ಲಿ ಕೊಡುವಷ್ಟು ಲಾಭವನ್ನು ಲೆಕ್ಕ ಬರೆಯುವ ರೀತಿ ಬದಲಾಯಿಸಿ ಪಡೆದರು.

ನಿಮ್ಮ 17.2 ಬೇರೆ ಥರದ್ದು. ಕೈಯಂತ್ರ, ಜೋಡಣೆ ಯಂತ್ರ, ಕುಲುಮೆ ಒಂದೊಂದನ್ನೂ ಮುಟ್ಟಿ ನೋಡಲೇಬೇಕು. ಮುಟ್ಟಿ ನೋಡೋಕೆ ಅದರ ಮಾಹಿತಿ ರ‍್ಯಾಮ್‌ನಿಂದ ಬರಬೇಕು. ಕಷ್ಟ ಇರುವುದು ಇಲ್ಲಿ. ಮತ್ತೆ ಮದುವೆ ಮನೆಗೆ ಬನ್ನಿ. ಭಟ್ಟರ ಪಕ್ಕದ ತಟ್ಟೆಯಲ್ಲಿ ಹೆಚ್ಚಿದ ತರಕಾರಿ ಇದ್ದರೆ ಕೈ ಚಾಚಿದರೆ ಆಯಿತು. ಅದು ಕ್ಯಾಶ್. ತಟ್ಟೆಯಲ್ಲಿ ಇಲ್ಲದಿದ್ದರೆ ಉಗ್ರಾಣಕ್ಕೆ ಹುಡುಗನನ್ನು ಓಡಿಸಬೇಕು. ಅದು ರ‍್ಯಾಮ್. ಹುಡುಗ ಬರುವ ತನಕ ಭಟ್ಟರು ಸೌಟು ಹಿಡಿದು ನಿಂತಿರುತ್ತಾರೆ.

ಅಂಕಿಯಲ್ಲಿ ನೋಡಿ. ರ‍್ಯಾಮ್‌ಗೆ ಒಂದು ಸಲ ಹೋಗಿ ಬರಲು ಸುಮಾರು 80 ನ್ಯಾನೊಸೆಕೆಂಡ್ ಅಂತಿಟ್ಟುಕೊಳ್ಳಿ. 16.67 ಮಿಲಿಸೆಕೆಂಡ್‌ನಲ್ಲಿ ಹಾಗೆ ಒಂದಾದ ಮೇಲೊಂದು ಎಷ್ಟು ಸಲ ಹೋಗಬಹುದು? ಸುಮಾರು 2 ಲಕ್ಷ ಸಲ. ಒಂದೇ ಒಂದು ಕೂಡಿಸುವ ಲೆಕ್ಕ ಮಾಡದೆ, ಬರೀ ಓಡಾಟಕ್ಕೇ ಟಿಕ್ ಮುಗಿಯಿತು. ನಿಜವಾದ ಸಿಪಿಯು ಹುಡುಗರನ್ನು ಒಟ್ಟೊಟ್ಟಿಗೆ ಓಡಿಸುತ್ತದೆ, ಮುಂದೆ ಏನು ಬೇಕು ಅಂತ ಊಹಿಸಿಯೂ ತರಿಸುತ್ತದೆ, ಹಾಗಾಗಿ ಇಷ್ಟು ಕೆಟ್ಟದಾಗಿರಲ್ಲ. ಆದರೆ ದೊಡ್ಡ ಕಾರ್ಖಾನೆಯಲ್ಲಿ ಊಹೆ ಮೇಲಿಂದ ಮೇಲೆ ತಪ್ಪುತ್ತದೆ.

ಇನ್ನೊಂದು ಮೋಸ ಗೊತ್ತಾ? ಹೀಗೆ ಕಾಯುತ್ತಾ ನಿಂತ ಹೊತ್ತನ್ನೂ ಟಾಸ್ಕ್ ಮ್ಯಾನೇಜರ್ 'ಕೆಲಸ ಮಾಡುತ್ತಿದೆ' ಅಂತಲೇ ಬರೆದುಕೊಳ್ಳುತ್ತದೆ.

ಅದಕ್ಕೇ ಒಂದು ಕೇಳುತ್ತೇನೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆಗೆದರೆ ಸ್ಪೀಡ್ ಅಂತ ಇರುತ್ತದೆ. ಎಷ್ಟಿದೆ?

ಸಂಡೂರು_ಗಣಿ

2133.

ರ‍್ಯಾಮ್ ಮೇಲಿನ ಚೀಟಿಯಲ್ಲಿ 3200 ಅಂತ ಬರೆದಿದೆ!!

ಮಲ್ನಾಡ್_ಮಾಣಿ

ಎಕ್ಸ್‌ಎಂಪಿ ಆನ್ ಮಾಡಿಲ್ಲ ಗುರು ನೀನು. ಬಯಾಸ್‌ಗೆ ಹೋಗಿ ಪ್ರೊಫೈಲ್ ಆರಿಸಬೇಕು, ಇಲ್ಲದಿದ್ದರೆ ಡಿಡಿಆರ್4 ತನ್ನ ಮಾಮೂಲಿ 2133ರಲ್ಲೇ ಓಡುತ್ತದೆ. ಈ ಸಲ ನಾನು ಸರಿ 😎

ಸುಮಕ್ಕ

ಈ ಸಲ ಮಾಣಿ ಪೂರ್ತಿ ಸರಿ. ಆನ್ ಮಾಡಿದ ಮೇಲೆ ಒಂದು ರಾತ್ರಿ ಮೆಮೊರಿ ಪರೀಕ್ಷೆ ಓಡಿಸಿ. ಎಲ್ಲ ಬೋರ್ಡ್, ಎಲ್ಲ ರ‍್ಯಾಮ್ ಅದಕ್ಕೆ ಒಗ್ಗಲ್ಲ. ಕಂಪ್ಯೂಟರ್ ಏಳದೇ ಇದ್ದರೆ ಬಯಾಸ್ ಮತ್ತೆ ಮೊದಲಿನ ಹಾಗೆ ಮಾಡಿ.

ಸಂಡೂರು_ಗಣಿ

ಮಾಡಿದೆ. ಪರೀಕ್ಷೆಯಲ್ಲಿ ತಪ್ಪು ಏನೂ ಬಂದಿಲ್ಲ. ಅದೇ ಕಮಾಂಡ್, ಅದೇ ಸೇವ್:

```
avg: 21.934 ms
```

45.6! ಒಂದು ರೂಪಾಯಿ ಖರ್ಚಿಲ್ಲದೆ ಏಳು. ಕಾರ್ಡಿಗೆ ಕೊಟ್ಟ ದುಡ್ಡಿಗೆ ಬಂದದ್ದು ಸೊನ್ನೆ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಸುಮಕ್ಕ

ಒಳ್ಳೇದಾಯ್ತು. ಈಗ ಆ `Script update` 3.3 ಇತ್ತಲ್ಲ, ಅದು ಮಾಡ್‌ಗಳ ಲುವಾ ಕೋಡ್. ಅದರ ಕೆಳಗೇ ಯಾವ ಮಾಡ್ ಎಷ್ಟು ತಿನ್ನುತ್ತಿದೆ ಅಂತ ಹೆಸರು ಸಮೇತ ಇರುತ್ತದೆ. ನೋಡಿ.

ಸಂಡೂರು_ಗಣಿ

ಒಂದೇ ಮಾಡ್ 3.0 ತಿನ್ನುತ್ತಿದೆ. ರಾತ್ರಿ ಹೊತ್ತು ದೀಪದ ಬಣ್ಣ ಬದಲಾಯಿಸುವುದು ಅದರ ಕೆಲಸ. ಯಾವತ್ತೋ ಅಂದಕ್ಕೆ ಹಾಕಿ ಮರೆತಿದ್ದೆ. ನನ್ನ ಸಾವಿರದ ಚಿಲ್ಲರೆ ದೀಪಗಳನ್ನು ಪ್ರತಿ ಟಿಕ್ ಎಣಿಸುತ್ತಿತ್ತು ಅನ್ನಿಸುತ್ತದೆ. ತೆಗೆದು ಸೇವ್ ಮಾಡಿ ಓಡಿಸಿದೆ:

```
avg: 18.871 ms
```

53.

ಪೇಟೆಕಟ್ಟೋನು

ಇನ್ನು ನಿಲ್ಲಿಸಬಹುದಲ್ಲ? 53ಕ್ಕೂ 60ಕ್ಕೂ ಕಣ್ಣಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ. ಆಟ ಆಡೋದು ಬಿಟ್ಟು ಅಂಕಿ ಆಡುತ್ತಿದ್ದೀರಿ.

ಸಂಡೂರು_ಗಣಿ

ಅಂಕಿ ಆಡೋದೇ ಈ ಆಟ ಸಾರ್.

ಸುಮಕ್ಕ

ಉಳಿದ ಕೆಲಸ ಕಾರ್ಖಾನೆಯ ಒಳಗೇ ಇದೆ. ನಿಮ್ಮ ಸರ್ಕ್ಯೂಟ್ ಬೋರ್ಡ್ ಸಾಲಿನ ಒಂದು ಚಿತ್ರ ಹಾಕಿದ್ದಿರಿ ಮೊನ್ನೆ ಇನ್ನೊಂದು ಕಡೆ. ತಾಮ್ರದ ತಂತಿ ಮಾಡುವ ಯಂತ್ರ, ಅಲ್ಲಿಂದ ಕೈಯಂತ್ರ ಬೆಲ್ಟಿಗೆ ಹಾಕುತ್ತದೆ, ಬೆಲ್ಟಿನಿಂದ ಇನ್ನೊಂದು ಕೈಯಂತ್ರ ಎತ್ತಿ ಬೋರ್ಡ್ ಯಂತ್ರಕ್ಕೆ ಕೊಡುತ್ತದೆ. ಎರಡು ಯಂತ್ರಗಳನ್ನು ಎದುರುಬದುರು ಇಟ್ಟು ನಡುವೆ ಒಂದೇ ಕೈಯಂತ್ರ ಇಡಿ. ಒಂದು ಕೈಯಂತ್ರ ಕಡಿಮೆ, ಬೆಲ್ಟಿನ ತುಂಡು ಕಡಿಮೆ. ಬೆಲ್ಟಿನಿಂದ ಎತ್ತುವ ಕೈಯಂತ್ರ ಓಡುವ ವಸ್ತುವನ್ನು ಹಿಡಿಯಬೇಕು, ಅದು ಯಂತ್ರದಿಂದ ಯಂತ್ರಕ್ಕೆ ಕೊಡುವುದಕ್ಕಿಂತ ಭಾರ.

ಆಮೇಲೆ ಮಾಡ್ಯೂಲ್, ಬೀಕನ್. ಹತ್ತು ನಿಧಾನದ ಯಂತ್ರದ ಬದಲು ಎರಡು ವೇಗದ ಯಂತ್ರ ಅದೇ ಮಾಲು ಕೊಟ್ಟರೆ ಮುಟ್ಟಿ ನೋಡಬೇಕಾದವು ಎರಡೇ. ವೇಗ ಎಷ್ಟಿದ್ದರೂ ಒಂದು ಯಂತ್ರಕ್ಕೆ ಟಿಕ್‌ನಲ್ಲಿ ಒಂದೇ ಸರದಿ.

ಮಲ್ನಾಡ್_ಮಾಣಿ

ಅಕ್ಕ, ಇಷ್ಟೆಲ್ಲ ಕಿತ್ತು ಕಟ್ಟೋ ಬದಲು ಎಕ್ಸ್3ಡಿ ಸಿಪಿಯು ಹಾಕಿದರೆ? 5700ಎಕ್ಸ್3ಡಿ ಅವನ ಎಎಂ4 ಬೋರ್ಡಿಗೇ ಕೂರುತ್ತದೆ, ಬಯಾಸ್ ಅಪ್‌ಡೇಟ್ ಮಾಡಬೇಕು ಅಷ್ಟೇ. 96 ಎಂಬಿ ಎಲ್3 ಕ್ಯಾಶ್. 3600ರಲ್ಲಿ 32, ಅದೂ 16-16 ಅಂತ ಎರಡು ಭಾಗ. ನೀವು ಹೇಳಿದ ತಟ್ಟೆ ಆರು ಪಟ್ಟು ದೊಡ್ಡದಾಗುತ್ತದೆ.

ಸುಮಕ್ಕ

ಸಣ್ಣ, ಮಧ್ಯಮ ಕಾರ್ಖಾನೆಯಲ್ಲಿ ಅದು ಕೊಡುವ ಲಾಭ ನೋಡಿ ನಾನೇ ಬೆರಗಾಗಿದ್ದೇನೆ. ಆದರೆ ಕಾರ್ಖಾನೆ ತಟ್ಟೆಗಿಂತ ದೊಡ್ಡದಾದಷ್ಟೂ ಮತ್ತೆ ಉಗ್ರಾಣಕ್ಕೇ ಓಡಬೇಕು, ಲಾಭ ಕರಗುತ್ತದೆ. ಸಣ್ಣ ಸೇವ್‌ನ ಅಂಕಿ ಹಿಡಿದು ದೊಡ್ಡ ಸೇವ್‌ಗೆ ಆಸೆ ಪಡಬಾರದು.

ಹುಬ್ಳಿ_ಡೀಸೆಲ್

ಅಕ್ಕಾರ, ನಾ ಹಾಕೀನಿ. 3600 ತಗದು 5800ಎಕ್ಸ್3ಡಿ. ನನ್ನ ಸೇವ್ ಇವರದಕ್ಕಿಂತ ದೊಡ್ಡದೈತಿ. 31 ಇತ್ತು, 47 ಬಂತು. ಕರಗೇತಿ ಅನ್ನಾಕ ಬರಂಗಿಲ್ಲ.

ಸುಮಕ್ಕ

ಅದರಲ್ಲಿ ಕ್ಯಾಶ್‌ನ ಪಾಲು ಎಷ್ಟು, ಎರಡು ತಲೆಮಾರು ಹೊಸ ಕೋರ್‌ನ... ಅಲ್ಲ, ಝೆನ್ 2ರಿಂದ ಝೆನ್ 3, ಒಂದು ತಲೆಮಾರು. ಆ ಕೋರ್‌ನ ಪಾಲು ಎಷ್ಟು ಅಂತ ಬಿಡಿಸಿ ಹೇಳೋಕೆ ಅದೇ ಸೇವನ್ನು ಸಾದಾ 5800ಎಕ್ಸ್‌ನಲ್ಲೂ ಓಡಿಸಬೇಕಿತ್ತು. ಇದೆಯಾ ನಿಮ್ಮ ಹತ್ತಿರ?

ಹುಬ್ಳಿ_ಡೀಸೆಲ್

ಎಲ್ಲಿಂದ ತರೂಣ್ರಿ. ಇದಕ್ಕ ಮನ್ಯಾಗ ಇನ್ನೂ ಲೆಕ್ಕ ಕೇಳಾಕತ್ತಾರ.

ಬ್ಯಾಟರಿ_ಬಸಣ್ಣ

ಎಲ್ಲ ಓದಿದೆ. ಅರ್ಧ ಅರ್ಥವಾಯಿತು. ನನ್ನ ಮಗ ಚೆಸ್ ಆಡುತ್ತಾನೆ ಕಂಪ್ಯೂಟರ್‌ನಲ್ಲಿ, ಅದಕ್ಕೂ ಕಾರ್ಡ್ ಬೇಡ ಅಂತಾಯಿತಾ?

ತುಂಟಕಪ್ಪೆ

ಬೇಡ ಬಸಣ್ಣ. ಯುಪಿಎಸ್ ಮಾತ್ರ ಬೇಕು.

ನಕ್ಷತ್ರಪ್ರಿಯೆ

ಅಪ್‌ಡೇಟ್ ಮಾಡಿದೆ. ಹಳೆಯ ಸೇವ್ ತೆರೆಯೋಕೆ ಹೋದೆ, ಮಾಡ್‌ಗಳೆಲ್ಲ ಕೆಂಪಾಗಿವೆ. ಹೊಸ ಆಟ ಶುರು ಮಾಡಿದ್ದೇನೆ. 2230ರಲ್ಲಿದ್ದೇನೆ, ಈಗಂತೂ ಪಟಪಟ ಹೋಗುತ್ತಿದೆ. 2400 ತಲುಪಿದ ಮೇಲೆ ಬಂದು ಹೇಳುತ್ತೇನೆ.

ಸಂಡೂರು_ಗಣಿ

ಸುಮಕ್ಕ ಹೇಳಿದ ಹಾಗೆ ಬೋರ್ಡ್ ಸಾಲು ಪೂರ್ತಿ ಕಿತ್ತು ಎದುರುಬದುರು ಕಟ್ಟಿದೆ. ಶನಿವಾರ ಭಾನುವಾರ ಎರಡೂ ಹೋಯಿತು. 17.4 ಮಿಲಿಸೆಕೆಂಡ್, ಅಂದರೆ 57. ಖುಷಿಗೆ ಅದೇ ನಮೂನೆಯಲ್ಲಿ ಇನ್ನೂ ಆರು ಸಾಲು ಬೋರ್ಡ್, ಅದಕ್ಕೆ ಬೇಕಾದ ಕುಲುಮೆ, ಎರಡು ಹೊಸ ತಾಮ್ರದ ಗಣಿ ಹಾಕಿದೆ.

ಈಗ 49.